ಅಪಾಯದ ಪಟ್ಟಿಯಲ್ಲಿ ಯಾರ ಹೆಸರಿದೆ?

ಕೆರೆಯ ಹೂಳೆತ್ತಲು ಹಣ ಕೇಳುವ ಪ್ರಸ್ತಾವನೆಗಳು ಈಗ ನಮ್ಮ ಹಳ್ಳಿಗಳಿಂದಲೂ ಹೋಗುತ್ತವೆ. ಲಾಭದ ಒಂದು ಪಾಲನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಹೇಳಿದ ಮೇಲೆ, ಸಂಘ ಸಂಸ್ಥೆಗಳು, ಕೆರೆ ಸಮಿತಿಗಳು, ಪಂಚಾಯಿತಿಗಳು ಇಂಥ ಕಡತಗಳನ್ನು ಬರೆಯುವುದು ಹೆಚ್ಚಾಗಿದೆ. ಕಡತದ ಮೊದಲ ಪುಟಗಳಲ್ಲಿ ಕೆರೆಯ ಇತಿಹಾಸ, ಫೋಟೋಗಳು, ಅಂದಾಜು ಪಟ್ಟಿ ಇರುತ್ತವೆ. ಕೊನೆಯ ಕಡೆಗೆ ಒಂದು ಕೋಷ್ಟಕ ಬರುತ್ತದೆ. ಅದರ ಹೆಸರು ರಿಸ್ಕ್ ರಿಜಿಸ್ಟರ್. ಕೆಲಸ ಕೆಡಬಹುದಾದ ದಾರಿಗಳು ಯಾವುವು, ಪ್ರತಿಯೊಂದೂ ನಡೆಯುವ ಸಾಧ್ಯತೆ ಎಷ್ಟು, ನಡೆದರೆ ಪರಿಣಾಮ ಎಷ್ಟು, ಅದನ್ನು ತಡೆಯಲು ಏನು ಮಾಡುತ್ತೇವೆ, ಅದಕ್ಕೆ ಹೊಣೆ ಯಾರು ಎಂಬ ಐದು ಪ್ರಶ್ನೆಗಳಿಗೆ ಅದು ಉತ್ತರ ಕೊಡಬೇಕು.

ಬಹಳಷ್ಟು ಕಡತಗಳಲ್ಲಿ ಈ ಕೋಷ್ಟಕವನ್ನು ಕಳಿಸುವ ಹಿಂದಿನ ರಾತ್ರಿ ತುಂಬಿರುತ್ತಾರೆ. ಅದು ಓದಿದ ತಕ್ಷಣ ಗೊತ್ತಾಗುತ್ತದೆ. ಒಂದು ಸಾಲು ಹೀಗಿರುತ್ತದೆ:

*ಅಪಾಯ: ಕೆಲಸ ವಿಳಂಬ. ಸಾಧ್ಯತೆ: ಮಧ್ಯಮ. ಪರಿಣಾಮ: ಹೆಚ್ಚು. ಕ್ರಮ: ನಿಕಟ ಮೇಲ್ವಿಚಾರಣೆ. ಹೊಣೆ: ಯೋಜನಾ ತಂಡ.*

ಇದರಲ್ಲಿ ತಪ್ಪೆನ್ನಲು ಏನೂ ಇಲ್ಲ. ಆದರೆ ಇದೇ ಸಾಲನ್ನು ಶಾಲೆಯ ಕಟ್ಟಡಕ್ಕೂ ಹಾಕಬಹುದು, ರಸ್ತೆಗೂ ಹಾಕಬಹುದು. ಈ ಕೆರೆಯ ಬಗ್ಗೆ ಅದು ಒಂದು ಮಾತನ್ನೂ ಹೇಳುವುದಿಲ್ಲ. ಒಂದು ಕೆರೆಯನ್ನು ಮುಂದಿಟ್ಟುಕೊಂಡು ಇದೇ ಸಾಲನ್ನು ಸರಿಯಾಗಿ ಬರೆಯುವುದು ಹೇಗೆ ಎಂದು ನೋಡೋಣ. ಕೆರೆ ಉದಾಹರಣೆಗಾಗಿ ಮಾಡಿಕೊಂಡದ್ದು. ಲೆಕ್ಕ ಮಾತ್ರ ಇಂಥ ಕೆಲಸಗಳಲ್ಲಿ ನಡೆಯುವ ರೀತಿಯದೇ.

ಲೆಕ್ಕ ಹಾಕಿದಾಗಲೇ ಅಪಾಯ ಕಾಣುವುದು

ದಕ್ಷಿಣ ಒಳನಾಡಿನ ಬಯಲುಸೀಮೆಯ ಒಂದು ಪಂಚಾಯಿತಿ ಕೆರೆ ಎಂದುಕೊಳ್ಳಿ. ಅಂಗಳ ಸುಮಾರು 30 ಎಕರೆ. ತೆಗೆಯಬೇಕಾದ ಹೂಳು 30,000 ಘನ ಮೀಟರ್. ಹೂಳು ಅಗೆದು ತುಂಬುವ ಯಂತ್ರದ ಖರ್ಚು ದಾನಿ ಕಂಪನಿಯದು. ರೈತರು ತಮ್ಮ ಟ್ರ್ಯಾಕ್ಟರ್ ತಂದು, ತಮ್ಮ ಖರ್ಚಿನಲ್ಲಿ ಹೂಳನ್ನು ಹೊಲಕ್ಕೆ ಹೊಡೆದುಕೊಳ್ಳುತ್ತಾರೆ. ಹೂಳೆತ್ತುವ ಅನೇಕ ಕಾಮಗಾರಿಗಳು ನಡೆಯುವುದು ಹೀಗೆಯೇ.

ಒಂದು ಹಿಟಾಚಿ ದಿನಕ್ಕೆ 500 ಘನ ಮೀಟರ್ ತುಂಬುತ್ತದೆ ಎಂದು ಇಟ್ಟುಕೊಂಡರೆ 30,000ಕ್ಕೆ 60 ಕೆಲಸದ ದಿನ ಬೇಕು. ಕೆರೆಯ ಅಂಗಳ ಯಂತ್ರ ಇಳಿಯುವಷ್ಟು ಒಣಗುವುದು ಫೆಬ್ರುವರಿ ಮಧ್ಯಕ್ಕೆ. ಮೇ ತಿಂಗಳಲ್ಲಿ ಮುಂಗಾರು ಪೂರ್ವ ಮಳೆ ಬಿದ್ದರೆ ಅಂಗಳ ಕೆಸರಾಗಿ ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ. ಹಾಗಾಗಿ ಫೆಬ್ರುವರಿ 15ರಿಂದ ಏಪ್ರಿಲ್ 30ರವರೆಗೆ, ಅಂದರೆ 75 ದಿನ, ನಮ್ಮ ಕೈಯಲ್ಲಿದೆ. 60 ದಿನದ ಕೆಲಸಕ್ಕೆ 75 ದಿನವಿದೆ, 15 ದಿನ ಉಳಿತಾಯ ಎಂದು ಪ್ರಸ್ತಾವನೆ ಹೇಳುತ್ತದೆ. ಆದರೆ ಆ 75 ದಿನದಲ್ಲಿ ಹನ್ನೊಂದು ಭಾನುವಾರ, ಯುಗಾದಿ, ಊರ ಜಾತ್ರೆ ಎಲ್ಲ ಸೇರಿವೆ. ಅವುಗಳನ್ನು ಕಳೆದರೆ ಉಳಿಯುವುದು 60 ದಿನ ಮಾತ್ರ. ಕೈಯಲ್ಲಿ ಒಂದು ದಿನವೂ ಹೆಚ್ಚುವರಿ ಇಲ್ಲ.

ಇಷ್ಟು ಲೆಕ್ಕವಾದ ಮೇಲೆ ‘ಕೆಲಸ ವಿಳಂಬ’ ಎಂಬ ಎರಡು ಪದ ಸಾಕಾಗುವುದಿಲ್ಲ. ವಿಳಂಬ ಯಾವುದರಿಂದ ಎಂದು ಹೇಳಲೇಬೇಕಾಗುತ್ತದೆ. ಈ ಕೆರೆಯ ದಡದಲ್ಲಿ ಎರಡು ಕಡೆ ಒತ್ತುವರಿಯ ತಕರಾರಿದೆ ಎಂದುಕೊಳ್ಳೋಣ. ಹದ್ದುಬಸ್ತು ಅಳತೆ ಆಗಿ ಗಡಿಕಲ್ಲು ನೆಡುವ ತನಕ ಯಂತ್ರ ಇಳಿಸಲು ಬಿಡುವುದಿಲ್ಲ ಎಂದು ಅಕ್ಕಪಕ್ಕದ ಹಿಡುವಳಿದಾರರು ಹೇಳುತ್ತಿದ್ದಾರೆ. ಅಪಾಯದ ಸಾಲು ಈಗ ಒಂದು ಪೂರ್ಣ ವಾಕ್ಯವಾಗಬಲ್ಲದು: ‘ಸರ್ವೆಯವರು ಫೆಬ್ರುವರಿ 15ರೊಳಗೆ ಅಳತೆಗೆ ಬರದಿದ್ದರೆ, ದಡದ ಹಿಡುವಳಿದಾರರು ಯಂತ್ರ ತಡೆದು, ಒಂದು ತಿಂಗಳ ಕೆಲಸ ನಿಲ್ಲಬಹುದು.’ ಇದರಲ್ಲಿ ಕಾರಣವಿದೆ, ಘಟನೆಯಿದೆ, ಪರಿಣಾಮವಿದೆ. ಈ ಮೂರೂ ಇಲ್ಲದ ಸಾಲಿಗೆ ಅಂಕ ಕೊಡಲು ಬರುವುದಿಲ್ಲ. ಯಾವುದಕ್ಕೆ ಅಂಕ ಕೊಡುತ್ತಿದ್ದೇವೆ ಎಂಬುದೇ ಅಲ್ಲಿ ನಿಂತಿರುವುದಿಲ್ಲ.

‘ಮಧ್ಯಮ’ ಎಂದರೆ ಎಷ್ಟು?

ಸಾಧ್ಯತೆಯನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ಬರೆದಾಗ ಬರೆದವರೂ ಓದಿದವರೂ ಒಪ್ಪಿದಂತೆ ಕಾಣುತ್ತದೆ. ಆ ಒಪ್ಪಿಗೆ ಎಷ್ಟು ಟೊಳ್ಳಾಗಿರಬಹುದು ಎಂದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಶೆರ್ಮನ್ ಕೆಂಟ್ ದಾಖಲಿಸಿದ್ದಾರೆ. 1951ರಲ್ಲಿ ಅವರ ತಂಡ, ಯುಗೊಸ್ಲಾವಿಯಾದ ಮೇಲೆ ಆ ವರ್ಷ ದಾಳಿ ನಡೆಯುವ ‘ಗಂಭೀರ ಸಾಧ್ಯತೆ’ ಇದೆ ಎಂದು ವರದಿ ಕೊಟ್ಟಿತ್ತು. ಹಾಗೆಂದರೆ ನೂರಕ್ಕೆ ಎಷ್ಟು ಎಂದು ಆಮೇಲೆ ಕೆಂಟ್ ತಮ್ಮ ಸಹೋದ್ಯೋಗಿಗಳನ್ನೇ ಕೇಳಿದರು. ಒಬ್ಬರ ಲೆಕ್ಕದಲ್ಲಿ ಅದು ನೂರಕ್ಕೆ ಇಪ್ಪತ್ತು, ಇನ್ನೊಬ್ಬರ ಲೆಕ್ಕದಲ್ಲಿ ಎಂಬತ್ತು. ಎಲ್ಲರೂ ಸೇರಿ ಒಂದೇ ವಾಕ್ಯವನ್ನು ಒಪ್ಪಿದ್ದರು, ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಸಂಖ್ಯೆ ಇತ್ತು.

ಆದ್ದರಿಂದ ಒಳ್ಳೆಯ ರಿಜಿಸ್ಟರಿನಲ್ಲಿ ಕೋಷ್ಟಕಕ್ಕೂ ಮೊದಲು ಅಳತೆಗೋಲು ಇರುತ್ತದೆ. ನಮ್ಮ ಕೆರೆಗೆ ಹೀಗೆ ಮಾಡಿಕೊಳ್ಳಬಹುದು. ಇಪ್ಪತ್ತರಲ್ಲಿ ಒಂದು ಸಲಕ್ಕಿಂತ ಕಡಿಮೆ ಆಗುವಂಥದ್ದಕ್ಕೆ 1, ಅಲ್ಲಿಂದ ಐದರಲ್ಲಿ ಒಂದು ಸಲದವರೆಗೆ 2, ಅರ್ಧದಷ್ಟು ಸಲದವರೆಗೆ 3, ಐದರಲ್ಲಿ ನಾಲ್ಕು ಸಲದವರೆಗೆ 4, ಅದಕ್ಕೂ ಮೇಲಾದರೆ 5. ಪರಿಣಾಮಕ್ಕೆ ಈ ಕೆಲಸದ್ದೇ ಅಳತೆ ಬೇಕು. ಕಾಲುಭಾಗಕ್ಕಿಂತ ಕಡಿಮೆ ಹೂಳು ಉಳಿದರೆ ಪ್ರಮಾಣ ನೋಡಿ 1ರಿಂದ 3. ಕಾಲುಭಾಗದಿಂದ ಅರ್ಧದವರೆಗೆ ಉಳಿದರೆ 4. ಅರ್ಧಕ್ಕಿಂತ ಹೆಚ್ಚು ಉಳಿದರೆ, ಏರಿಗೆ ಧಕ್ಕೆಯಾದರೆ ಅಥವಾ ಜೀವ ಹೋದರೆ 5.

ಈಗ ಅಳತೆಯ ವಿಳಂಬಕ್ಕೆ ಅಂಕ ಕೊಡೋಣ. ಸಾಧ್ಯತೆಯನ್ನು ಊಹಿಸಬೇಕಾಗಿಲ್ಲ, ವಿಚಾರಿಸಿದರೆ ಸಾಕು. ಅದೇ ಹೋಬಳಿಯಲ್ಲಿ ಹಿಂದಿನ ಹತ್ತು ಹದ್ದುಬಸ್ತು ಅರ್ಜಿಗಳು ಯಾವಾಗ ಕೊಟ್ಟವು, ಅಳತೆ ಯಾವಾಗ ಆಯಿತು ಎಂದು ಅರ್ಜಿದಾರರನ್ನೇ ಕೇಳಬಹುದು. ಹತ್ತರಲ್ಲಿ ಆರು ಅರ್ಜಿಗಳಿಗೆ ನಮ್ಮ ಗಡುವು ಮೀರುವಷ್ಟು ಕಾಲ ಹಿಡಿದಿತ್ತು ಎಂದು ತಿಳಿದರೆ ಅಂಕ 4. ಪರಿಣಾಮಕ್ಕೂ ಲೆಕ್ಕವೇ ಉತ್ತರ ಕೊಡುತ್ತದೆ. ಒಂದು ತಿಂಗಳು ತಡವಾದರೆ 24 ಕೆಲಸದ ದಿನ ಹೋಗುತ್ತವೆ. ಉಳಿದ 36 ದಿನಕ್ಕೆ 18,000 ಘನ ಮೀಟರ್ ಮಾತ್ರ ಎತ್ತಬಹುದು. ನೂರಕ್ಕೆ ನಲವತ್ತು ಭಾಗ ಹೂಳು ಕೆರೆಯಲ್ಲೇ ಉಳಿಯುತ್ತದೆ, ಅಂದರೆ ಅಂಕ 4. ನಾಲ್ಕು ನಾಲ್ಕಲಿ ಹದಿನಾರು. 25ಕ್ಕೆ 16 ಬಂದ ಸಾಲು ಪಟ್ಟಿಯ ಮೇಲ್ಭಾಗಕ್ಕೆ ಹೋಗುತ್ತದೆ.

ಯಾರನ್ನು ಕೇಳಿ ಅಂಕ ಕೊಡುತ್ತೇವೆ ಎಂಬುದೂ ಅಂಕದಷ್ಟೇ ಮುಖ್ಯ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮೇಲೆ ತನಿಖಾ ಆಯೋಗದಲ್ಲಿದ್ದ ವಿಜ್ಞಾನಿ ರಿಚರ್ಡ್ ಫೈನ್‌ಮನ್, ಇಂಥ ದುರಂತದ ಸಾಧ್ಯತೆ ಎಷ್ಟೆಂದು ನಾಸಾದವರು ಅಂದಾಜು ಮಾಡಿದ್ದರು ಎಂದು ವಿಚಾರಿಸಿದರು. ಕೆಲಸದಲ್ಲಿದ್ದ ಎಂಜಿನಿಯರುಗಳ ಅಂದಾಜು ನೂರು ಹಾರಾಟಕ್ಕೆ ಒಂದರ ಆಸುಪಾಸಿನಲ್ಲಿತ್ತು. ಆಡಳಿತದ ಮೇಲಿನ ಹಂತದ ಅಂದಾಜು ಲಕ್ಷಕ್ಕೆ ಒಂದು. ಕೆರೆಯ ವಿಷಯದಲ್ಲೂ ಕಚೇರಿಯಲ್ಲಿ ಕುಳಿತವರ ಅಂಕ ಬೇರೆ, ತೂಬು ತೆಗೆದು ಮುಚ್ಚುವ ನೀರಗಂಟಿಯ ಅಂಕ ಬೇರೆ. ಯಾವ ಮೂಲೆಯಲ್ಲಿ ಮಾರ್ಚಿಯವರೆಗೂ ತೇವ ಆರುವುದಿಲ್ಲ, ಯಾವ ದಡದವರು ಯಂತ್ರ ತಡೆಯುತ್ತಾರೆ, ಮೀನು ಗುತ್ತಿಗೆಯ ಅವಧಿ ಎಂದು ಮುಗಿಯುತ್ತದೆ ಎಂಬುದು ಅವನಿಗೆ ಗೊತ್ತಿರುತ್ತದೆ. ಅವನೂ ಟ್ರ್ಯಾಕ್ಟರ್ ಇಟ್ಟುಕೊಂಡ ರೈತರೂ ಕುಳಿತು ಕೊಟ್ಟ ಅಂಕವನ್ನು ನಂಬಬಹುದು.

ಗುಣಾಕಾರ ಮೋಸ ಮಾಡುವ ಜಾಗ

ಎರಡು ಅಂಕಗಳನ್ನು ಗುಣಿಸಿ ಅಪಾಯಗಳನ್ನು ಸಾಲಾಗಿ ನಿಲ್ಲಿಸುವುದು ಸುಲಭದ ದಾರಿ. ಆದರೆ ಅದು ಒಂದು ಕಡೆ ತೀರಾ ತಪ್ಪು ದಾರಿ ತೋರಿಸುತ್ತದೆ. 4 ಎನ್ನುವುದು 2ರ ಎರಡರಷ್ಟು ಎಂಬ ಅರ್ಥ ಈ ಅಂಕಗಳಿಗಿಲ್ಲ. ಅವು ಬರೀ ಮೆಟ್ಟಿಲುಗಳ ಸಂಖ್ಯೆ. ಇಂಥ ಕೋಷ್ಟಕಗಳ ದೌರ್ಬಲ್ಯವನ್ನು ಟೋನಿ ಕಾಕ್ಸ್ ಎಂಬ ಅಪಾಯ ವಿಶ್ಲೇಷಕ 2008ರ ಒಂದು ಪ್ರಬಂಧದಲ್ಲಿ ಗಣಿತದಿಂದಲೇ ತೋರಿಸಿದ್ದಾರೆ. ಕೆಲವು ಸಂದರ್ಭಗಳಲ್ಲಿ ನಿಜವಾಗಿ ಸಣ್ಣದಾದ ಅಪಾಯಕ್ಕೆ ದೊಡ್ಡ ಅಂಕ, ದೊಡ್ಡದಕ್ಕೆ ಸಣ್ಣ ಅಂಕ ಬೀಳುತ್ತದೆ.

ನಮ್ಮ ಕೆರೆಯಲ್ಲಿ ಆ ಜಾಗ ಯಾವುದೆಂದು ನೋಡಿ. ಬೇಕಾದಷ್ಟು ಟ್ರ್ಯಾಕ್ಟರ್ ಬಾರದೆ ಯಂತ್ರ ಸುಮ್ಮನೆ ನಿಲ್ಲುವ ಸಾಧ್ಯತೆಗೆ 4, ಪರಿಣಾಮಕ್ಕೆ 3, ಒಟ್ಟು 12. ಹೂಳೆತ್ತಿದ ಗುಂಡಿಯಲ್ಲಿ ಮಳೆಗಾಲದಲ್ಲಿ ಮಗುವೊಂದು ಮುಳುಗುವ ಸಾಧ್ಯತೆಗೆ 1, ಪರಿಣಾಮಕ್ಕೆ 5, ಒಟ್ಟು 5. ಗುಣಾಕಾರವನ್ನು ನಂಬಿದರೆ ಮಗುವಿನ ಸಾಲು ಪಟ್ಟಿಯ ತಳಕ್ಕೆ ಹೋಗುತ್ತದೆ. ‘ಕಡಿಮೆ ಅಪಾಯ, ಗಮನಿಸುತ್ತಿರುವುದು’ ಎಂಬ ಹಸಿರು ಬಣ್ಣವನ್ನೂ ಪಡೆಯುತ್ತದೆ.

ಇದಕ್ಕೆ ಪರಿಹಾರ ಸರಳ. ಪರಿಣಾಮ 5 ಇರುವ ಯಾವ ಸಾಲನ್ನೂ ಗುಣಿಸದೆ, ಸಾಧ್ಯತೆ ಎಷ್ಟೇ ಇರಲಿ, ಪಟ್ಟಿಯ ಮೇಲ್ಭಾಗದಲ್ಲೇ ಇಡುವುದು ಎಂದು ಅಳತೆಗೋಲಿನ ಜೊತೆ ಒಂದು ನಿಯಮ ಬರೆದುಬಿಡಬೇಕು. ಆಗ ಕಾರಣವನ್ನೂ ಹುಡುಕಬೇಕಾಗುತ್ತದೆ. ಗುಂಡಿಗಳು ಸುಮ್ಮನೆ ಆಗುವುದಿಲ್ಲ. ರೈತರಿಗೆ ಬೇಕಾದದ್ದು ಮೇಲಿನ ಕಪ್ಪು ಗೋಡು ಮಣ್ಣು. ಅದು ದಪ್ಪಗೆ ಕೂತಿರುವ ಕಡೆ, ದಾರಿಗೆ ಹತ್ತಿರವಿರುವ ಕಡೆ ಯಂತ್ರ ನಿಂತಲ್ಲೇ ಆಳಕ್ಕೆ ಅಗೆಯುತ್ತದೆ. ಗುತ್ತಿಗೆದಾರನಿಗೆ ಘನ ಮೀಟರ್ ಲೆಕ್ಕದಲ್ಲಿ ಹಣ ಸಿಗುವುದಾದರೆ ಯಂತ್ರ ಸರಿಸದೆ ಆಳ ಹೋಗುವುದೇ ಅವನಿಗೆ ಲಾಭ. ಹೀಗಾದಾಗ ಕೆರೆ ಸಮನಾಗಿ ತಗ್ಗುವ ಬದಲು ಅಲ್ಲಲ್ಲಿ ನೆಟ್ಟಗಿನ ಅಂಚಿನ ಹೊಂಡಗಳಾಗುತ್ತವೆ. ಮಳೆ ಬಂದು ನೀರು ನಿಂತರೆ ಹೊಂಡ ಎಲ್ಲಿ ಶುರುವಾಗುತ್ತದೆಂದು ಮೇಲಿನಿಂದ ಕಾಣುವುದಿಲ್ಲ.

ಕಾರಣ ಸಿಕ್ಕಿತೆಂದರೆ ತಡೆಯುವ ಕ್ರಮವೂ ಸಿಗುತ್ತದೆ. ಅಂಚುಗಳನ್ನು ಇಳಿಜಾರಾಗಿ ತೆಗೆಯಬೇಕು, ಗೊತ್ತು ಮಾಡಿದ ಆಳಕ್ಕಿಂತ ಕೆಳಗೆ ಹೋದ ಮಣ್ಣಿನ ಅಳತೆಗೆ ಹಣ ಕೊಡುವುದಿಲ್ಲ, ಏರಿಯ ಬುಡದಿಂದ ಎಂಜಿನಿಯರ್ ಗುರುತು ಮಾಡಿದ ದೂರದೊಳಗೆ ಅಗೆಯುವಂತಿಲ್ಲ ಎಂದು ಗುತ್ತಿಗೆ ಪತ್ರದಲ್ಲೇ ಬರೆಯಬಹುದು. ಕೊನೆಯ ಬಿಲ್ಲಿಗೆ ಮುಂಚೆ ಇಡೀ ಅಂಗಳ ನಡೆದು ನೋಡಬೇಕು. ‘ಸುರಕ್ಷತೆಗೆ ಆದ್ಯತೆ’ ಎಂದು ಬರೆದ ಸಾಲಿನಿಂದ ಇದ್ಯಾವುದೂ ಹುಟ್ಟುತ್ತಿರಲಿಲ್ಲ.

ಕ್ರಮ ಎಂದರೆ ಏನು ಬದಲಾಗುತ್ತದೆ ಎಂದು ಹೇಳುವುದು

ಯಾವುದೇ ಕ್ರಮ ಸಾಧ್ಯತೆಯನ್ನು ತಗ್ಗಿಸಬೇಕು, ಇಲ್ಲವೇ ಪರಿಣಾಮವನ್ನು. ಎರಡರಲ್ಲಿ ಯಾವುದೆಂದು ಹೇಳಲಾಗದಿದ್ದರೆ ಅದು ಕ್ರಮವೇ ಅಲ್ಲ. ‘ನಿಕಟ ಮೇಲ್ವಿಚಾರಣೆ’ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಎಷ್ಟೇ ಹತ್ತಿರದಿಂದ ನೋಡಿದರೂ ಸರ್ವೆಯವರು ಬೇಗ ಬರುವುದಿಲ್ಲ.

ಅಳತೆಯ ಅಪಾಯಕ್ಕೆ ಎರಡು ಕ್ರಮಗಳಿವೆ. ಅರ್ಜಿಯನ್ನು ಜನವರಿಯ ಬದಲು ಅಕ್ಟೋಬರಿನಲ್ಲೇ ಕೊಟ್ಟರೆ ತಡವಾಗುವ ಸಾಧ್ಯತೆ 4ರಿಂದ 2ಕ್ಕೆ ಇಳಿಯಬಹುದು. ಅಷ್ಟಾದರೂ ಅಳತೆ ಆಗದಿದ್ದರೆ, ತಕರಾರಿಲ್ಲದ ಕೆರೆಯ ನಡುಭಾಗದಿಂದ ಕೆಲಸ ಶುರುಮಾಡಿ ದಡವನ್ನು ಕೊನೆಗೆ ಇಟ್ಟುಕೊಳ್ಳುವುದು. ಇದಕ್ಕೆ ದಡದವರ ಒಪ್ಪಿಗೆಯನ್ನು ಗ್ರಾಮಸಭೆಯಲ್ಲಿ ಮೊದಲೇ ಬರೆಸಿಕೊಂಡಿರಬೇಕು. ಆಗ ಅಳತೆ ತಡವಾದರೂ ಕೆಲಸ ನಿಲ್ಲುವುದಿಲ್ಲ. ಪರಿಣಾಮ 4ರಿಂದ 2ಕ್ಕೆ ಬರುತ್ತದೆ. ಎರಡೂ ಆದರೆ ಉಳಿಯುವ ಅಂಕ 4. ಆದರೆ ಅರ್ಜಿ ಕೊಡುವ ಮೊದಲೇ, ಒಪ್ಪಿಗೆ ಪಡೆಯುವ ಮೊದಲೇ ಕೋಷ್ಟಕದಲ್ಲಿ 16ನ್ನು ಅಳಿಸಿ 4 ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ಇಂದಿನ ಅಂಕ ಒಂದು ಕಾಲಮ್ಮಿನಲ್ಲಿ, ಕ್ರಮ ಮುಗಿದ ಮೇಲಿನ ಅಂಕ ಇನ್ನೊಂದು ಕಾಲಮ್ಮಿನಲ್ಲಿ ಇರಬೇಕು. ಕೆಲಸವಾಗುವ ತನಕ ಅಪಾಯ 16 ಆಗಿಯೇ ಇರುತ್ತದೆ.

ಕೆಲವು ಕ್ರಮಗಳು ಕಾಗದದ ಮೇಲೆ ಚೆನ್ನಾಗಿ ಕಂಡು ಅಂಗಳದಲ್ಲಿ ಸೋಲುತ್ತವೆ. ‘ತಡವಾದರೆ ಇನ್ನೊಂದು ಹಿಟಾಚಿ ತರಿಸುತ್ತೇವೆ’ ಎಂಬುದು ಅಂಥದ್ದು. ಟ್ರ್ಯಾಕ್ಟರಿನ ಟ್ರೇಲರ್ ಒಂದು ಸಲಕ್ಕೆ ಸುಮಾರು 3 ಘನ ಮೀಟರ್ ಒಯ್ಯುತ್ತದೆ. ದಿನಕ್ಕೆ 500 ಘನ ಮೀಟರ್ ಹೋಗಬೇಕಾದರೆ 167 ಲೋಡು. ಒಂದು ಟ್ರ್ಯಾಕ್ಟರ್ ದಿನಕ್ಕೆ ಹತ್ತು ಟ್ರಿಪ್ ಹೊಡೆದರೂ 17 ಟ್ರ್ಯಾಕ್ಟರ್ ಬೇಕು. ಒಂದು ತಿಂಗಳು ತಡವಾಗಿ, 36 ದಿನದಲ್ಲಿ ಪೂರ್ತಿ ಹೂಳು ಎತ್ತಬೇಕೆಂದರೆ ದಿನಕ್ಕೆ 278 ಲೋಡು, 28 ಟ್ರ್ಯಾಕ್ಟರ್. ಯಂತ್ರ ಬಾಡಿಗೆಗೆ ಸಿಗುತ್ತದೆ. ಇನ್ನೂ ಹನ್ನೊಂದು ಟ್ರ್ಯಾಕ್ಟರ್ ಆ ಊರಿನಲ್ಲಿ, ಸುತ್ತಲ ಊರುಗಳಲ್ಲಿ ಇವೆಯೇ, ಅವುಗಳಿಗೆ ಬೇರೆ ಬಾಡಿಗೆ ಇಲ್ಲವೇ, ಹೂಳು ಬೇಕೆನ್ನುವ ಹೊಲಗಳು ಅಷ್ಟಿವೆಯೇ ಎಂದು ಕೇಳಿದವರು ಕಡಿಮೆ. ಬೇಕಾದದ್ದು ಎರಡನೇ ಯಂತ್ರಕ್ಕಿಂತ ಹೆಚ್ಚಾಗಿ, ಜನವರಿಯಲ್ಲೇ ಮಾಡಿದ ಪಟ್ಟಿ. ಯಾವ ರೈತರು ಎಷ್ಟು ಲೋಡು, ಯಾವ ವಾರ ಒಯ್ಯುತ್ತಾರೆ ಎಂದು ಸಹಿಯೊಡನೆ ಬರೆದ ಪಟ್ಟಿ.

ಹೊಣೆಗಾರ ಯಾರು?

ಕೊನೆಯ ಕಾಲಮ್ಮಿಗೆ ಬಂದೆವು. ಇಡೀ ಕೋಷ್ಟಕ ನಿಲ್ಲುವುದೋ ಬೀಳುವುದೋ ತೀರ್ಮಾನವಾಗುವುದು ಇಲ್ಲಿ. ‘ಯೋಜನಾ ತಂಡ’ ಎಂದು ಬರೆದರೆ ಯಾರ ಹೆಸರೂ ಇಲ್ಲದಂತೆ. ಒಂದು ಸಾಲಿಗೆ ಒಬ್ಬರೇ ವ್ಯಕ್ತಿ, ಅವರ ಹೆಸರು, ಹುದ್ದೆ, ಫೋನ್ ನಂಬರು ಇರಬೇಕು. ಹೆಸರು ಬರೆಯುವ ಮುಂಚೆ ನೋಡಬೇಕಾದದ್ದು ಮೂರು. ಆ ಕ್ರಮ ಕೈಗೊಳ್ಳುವ ಅಧಿಕಾರ ಅವರಿಗಿದೆಯೇ? ಅಪಾಯ ಹತ್ತಿರವಾಗುತ್ತಿರುವುದು ಮೊದಲು ಅವರಿಗೇ ಗೊತ್ತಾಗುತ್ತದೆಯೇ? ಅಪಾಯ ತಪ್ಪುವುದರಲ್ಲಿ ಅವರ ಹಿತವೂ ಇದೆಯೇ?

ಗುಂಡಿಯ ಸಾಲಿಗೆ ಗುತ್ತಿಗೆದಾರನ ಹೆಸರು ಹಾಕುವುದು ರೂಢಿ. ಅಧಿಕಾರವಿದೆ, ಮಾಹಿತಿಯೂ ಇದೆ. ಆದರೆ ಆಳಕ್ಕೆ ಅಗೆದಷ್ಟೂ ಅವನಿಗೆ ಲಾಭ. ಆದ್ದರಿಂದ ಆ ಹೆಸರು ಸಲ್ಲದು. ಅಲ್ಲಿ ಇರಬೇಕಾದದ್ದು ಸಂಸ್ಥೆಯ ಸೈಟ್ ಎಂಜಿನಿಯರ್ ಹೆಸರು. ಯಂತ್ರ ನಿಲ್ಲಿಸಿ ಎಂದು ಹೇಳುವ ಅಧಿಕಾರ, ಬಿಲ್ ತಡೆಹಿಡಿಯುವ ಅಧಿಕಾರ ಅವರಿಗಿದೆ ಎಂದು ಗುತ್ತಿಗೆ ಪತ್ರದಲ್ಲೂ ಬರೆದಿರಬೇಕು.

ಅಳತೆಯ ಸಾಲಿಗೆ ತಹಶೀಲ್ದಾರರ ಹೆಸರು ಹಾಕಿದ ಕಡತಗಳಿರುತ್ತವೆ. ಅಳತೆ ಮಾಡಿಸುವ ಅಧಿಕಾರ ಸರ್ಕಾರಿ ಕಚೇರಿಯದು ನಿಜ. ಆದರೆ ನಮ್ಮ ಪ್ರಸ್ತಾವನೆಯನ್ನು ಓದಿಯೇ ಇರದ ಅಧಿಕಾರಿಯ ಮೇಲೆ ಹೊಣೆ ಹೊರಿಸಿದರೆ ಅದು ಯಾರ ತಲೆಯ ಮೇಲೂ ಇಲ್ಲ. ಹೊರಗಿನವರು ಮಾಡಬೇಕಾದ ಕೆಲಸಕ್ಕೂ ಒಳಗಿನ ಒಬ್ಬರು ಹೊಣೆಯಾಗಬೇಕು. ಕೆರೆ ಪಂಚಾಯಿತಿಯದಾದ್ದರಿಂದ ಅರ್ಜಿದಾರರು ಪಿಡಿಒ. ಅವರೇ ಹೊಣೆಗಾರರು, ಅದಕ್ಕೆ ಅವರ ಲಿಖಿತ ಒಪ್ಪಿಗೆ ಬೇಕು. ಪಿಡಿಒಗಳಿಗೆ ವರ್ಗಾವಣೆ ಆಗುತ್ತದೆ, ಚುನಾವಣೆ ಬಂದರೆ ಆ ಕೆಲಸಕ್ಕೂ ಹೋಗುತ್ತಾರೆ. ಹಾಗಾಗಿ ಅವರಿಲ್ಲದಾಗ ಹೊಣೆ ವಹಿಸಿಕೊಳ್ಳುವ ಎರಡನೆಯ ಹೆಸರೂ ಅದೇ ಸಾಲಿನಲ್ಲಿರಬೇಕು.

ಕೆಲವು ಸಾಲುಗಳ ಹೊಣೆ ಹಣ ಕೊಡುವವರದೇ ಆಗಿರುತ್ತದೆ, ಅದನ್ನು ಬರೆಯಲು ಕೇಳುವವರು ಹಿಂಜರಿಯುತ್ತಾರೆ. ಕಂಪನಿಯ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಮ್ಮ ಕೆಲಸದ ಒಂದು ಭಾಗ ನಡೆಯುವುದು ಅದಾದ ಮೇಲೆ, ಏಪ್ರಿಲ್ ಮುಗಿಯುವವರೆಗೆ. ಕಂಪನಿಯ ಆಡಳಿತ ಮಂಡಳಿ ಇದನ್ನು ಮುಂದುವರಿಯುವ ಯೋಜನೆ ಎಂದು ಗೊತ್ತುಪಡಿಸಿದ್ದರೆ, ಖರ್ಚಾಗದೆ ಉಳಿದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ವರ್ಷದೊಳಗೆ ಬಳಸಲು ಕಾನೂನು ಬಿಡುತ್ತದೆ. ಹಾಗೆ ಗೊತ್ತುಪಡಿಸದಿದ್ದರೆ ಮಾರ್ಚ್ ಕೊನೆಯಲ್ಲಿ ಬಿಲ್ ಬೇಗ ಕೊಡಿ ಎಂಬ ಒತ್ತಡ ಶುರುವಾಗುತ್ತದೆ. ಅಳತೆ ನೋಡದೆ ಬಿಲ್ ಪಾಸಾಗುವುದು ಅಂಥ ಹೊತ್ತಿನಲ್ಲೇ. ಈ ಸಾಲಿಗೆ ಕಂಪನಿಯ ಕಡೆಯ ಅಧಿಕಾರಿಯ ಹೆಸರನ್ನು ಅವರ ಒಪ್ಪಿಗೆಯೊಡನೆ ಹಾಕಬೇಕು.

ಹೆಸರಿನ ಪಕ್ಕದಲ್ಲಿ ಒಂದು ದಿನಾಂಕವೂ ಬೇಕು. ಎಂದಿಗೆ ಏನು ಕಾಣದಿದ್ದರೆ ಎಚ್ಚರಗೊಳ್ಳಬೇಕು ಎಂದು ಅದು ಹೇಳುತ್ತದೆ. ಇವೆಲ್ಲ ಸೇರಿದಾಗ ಮೊದಲು ನೋಡಿದ ಸಾಲು ಹೀಗಾಗುತ್ತದೆ:

*ಅಪಾಯ: ಹದ್ದುಬಸ್ತು ಅಳತೆ ಫೆಬ್ರುವರಿ 15ರೊಳಗೆ ಆಗದಿದ್ದರೆ ದಡದ ಹಿಡುವಳಿದಾರರು ಯಂತ್ರ ತಡೆದು, ನೂರಕ್ಕೆ ನಲವತ್ತು ಭಾಗ ಹೂಳು ಉಳಿಯಬಹುದು. ಸಾಧ್ಯತೆ 4 (ಹತ್ತು ಅರ್ಜಿಗಳಲ್ಲಿ ಆರು ತಡ), ಪರಿಣಾಮ 4. ಕ್ರಮ: ಅಕ್ಟೋಬರಿನಲ್ಲಿ ಅರ್ಜಿ, ನಡುಭಾಗದಿಂದ ಕೆಲಸ ಶುರುಮಾಡಲು ಗ್ರಾಮಸಭೆಯ ಒಪ್ಪಿಗೆ. ಕ್ರಮದ ನಂತರ 2 ಮತ್ತು 2. ಎಚ್ಚರಿಕೆಯ ದಿನ: ಡಿಸೆಂಬರ್ 31ರೊಳಗೆ ಅಳತೆಯ ದಿನಾಂಕ ಗೊತ್ತಾಗಿರಬೇಕು. ಹೊಣೆ: ಪಿಡಿಒ, ಹೆಸರು ಮತ್ತು ಸಹಿ, ಅವರಿಲ್ಲದಾಗ ಕೆರೆ ಸಮಿತಿಯ ಕಾರ್ಯದರ್ಶಿ, ಹೆಸರು ಮತ್ತು ಸಹಿ.*

ಓದುವವರು ಎಲ್ಲಿ ನೋಡಬೇಕು

ಇಂಥ ಕಡತ ಗ್ರಾಮಸಭೆಯಲ್ಲಿ ನಿಮ್ಮ ಕೈಗೆ ಬಂದರೆ, ಅಥವಾ ಕಂಪನಿಯ ಸಮಿತಿಯಲ್ಲಿ ಕುಳಿತು ನೀವೇ ಅದನ್ನು ಓದಬೇಕಾಗಿ ಬಂದರೆ, ಅಪಾಯದ ಕೋಷ್ಟಕವನ್ನು ಒಂಟಿಯಾಗಿ ಓದಬೇಡಿ. ಒಂದು ಕೈಯಲ್ಲಿ ಅಂದಾಜು ಪಟ್ಟಿ, ಇನ್ನೊಂದು ಕೈಯಲ್ಲಿ ಕೆಲಸದ ವೇಳಾಪಟ್ಟಿ ಹಿಡಿದು ಓದಿ. ಅಕ್ಟೋಬರಿನಲ್ಲಿ ಅರ್ಜಿ ಎಂದು ಕೋಷ್ಟಕ ಹೇಳಿ ವೇಳಾಪಟ್ಟಿ ಜನವರಿಯಿಂದ ಶುರುವಾದರೆ ಆ ಕ್ರಮ ನಡೆಯುವುದಿಲ್ಲ. ಇಳಿಜಾರು ಅಂಚು ಎಂದು ಕೋಷ್ಟಕ ಹೇಳಿ ಅಂದಾಜು ಪಟ್ಟಿಯಲ್ಲಿ ಅದಕ್ಕೆ ಯಂತ್ರದ ಗಂಟೆಗಳಿಲ್ಲದಿದ್ದರೆ ಅಂಚು ನೆಟ್ಟಗೇ ಉಳಿಯುತ್ತದೆ. ಸೈಟ್ ಎಂಜಿನಿಯರ್ ಹೊಣೆ ಎಂದು ಬರೆದು, ವಾರಕ್ಕೆ ಒಂದು ಭೇಟಿಯ ಸಂಬಳ ಮಾತ್ರ ಇಟ್ಟಿದ್ದರೆ ಉಳಿದ ಆರು ದಿನ ಕೆರೆಗೆ ಹೊಣೆಗಾರರಿಲ್ಲ. ಹಣದಲ್ಲೂ ದಿನಾಂಕದಲ್ಲೂ ಜಾಗವಿಲ್ಲದ ಕ್ರಮವನ್ನು ಹೊಡೆದುಹಾಕಿ, ಅಂಕವನ್ನು ಮೊದಲಿದ್ದಲ್ಲಿಗೇ ಏರಿಸಿ. ಆಮೇಲೆ ಉಳಿಯುವ ಪಟ್ಟಿಯೇ ಆ ಯೋಜನೆಯ ನಿಜವಾದ ಅಪಾಯದ ಪಟ್ಟಿ.

ಹಣ ಮಂಜೂರಾದ ಮೇಲೆ ಈ ಕೋಷ್ಟಕ ಕಡತದಲ್ಲಿ ಮಲಗಬಾರದು. ಹೂಳೆತ್ತುವ ದಿನಗಳಲ್ಲಿ ವಾರಕ್ಕೊಮ್ಮೆ ಹೊಣೆಗಾರರೆಲ್ಲ ಕೂತು ಪ್ರತಿ ಸಾಲಿನ ಅಂಕವನ್ನು ತಿದ್ದಬೇಕು. ಕೆಲಸ ಮುಗಿದ ದಿನ ಇನ್ನೊಂದು ಕಾಲಮ್ ಸೇರಿಸಿ, ಹೇಳಿದ್ದರಲ್ಲಿ ಯಾವುದು ನಡೆಯಿತು, ಎಷ್ಟು ದಿನ ಹೋಯಿತು, ಯಾವ ಕ್ರಮ ಕೆಲಸಕ್ಕೆ ಬಂತು ಎಂದು ಬರೆದು ಪಂಚಾಯಿತಿಗೆ ಒಪ್ಪಿಸಬೇಕು. ಹತ್ತು ಅರ್ಜಿಗಳಲ್ಲಿ ಆರು ತಡವಾದವು ಎಂಬ ಮಾಹಿತಿಯನ್ನು ನಾವು ಮನೆಮನೆಗೆ ಹೋಗಿ ಕೇಳಬೇಕಾಯಿತು, ಏಕೆಂದರೆ ಹಿಂದಿನ ಯಾರೂ ಬರೆದಿಟ್ಟಿರಲಿಲ್ಲ. ಪಕ್ಕದ ಊರಿನವರು ತಮ್ಮ ಕೆರೆಗೆ ಪ್ರಸ್ತಾವನೆ ಬರೆಯುವಾಗ ಹನ್ನೊಂದನೆಯ ಅರ್ಜಿಯ ಕತೆ ಅವರಿಗೆ ಬರಹದಲ್ಲೇ ಸಿಗಬೇಕು.